ಗಂಟೆ ಬಾರಿಸಿತು, ದುಡ್ಡಿರಲಿಲ್ಲ

ಪ್ರತಿ ತಿಂಗಳ ನಾಲ್ಕನೇ ತಾರೀಖು ರಾತ್ರಿ ಒಂಬತ್ತಕ್ಕೆ ನನ್ನ ಫೋನು ಟಿಣ್ ಎನ್ನುತ್ತಿತ್ತು. ಅನ್ನಕ್ಕೆ ಸಾರು ಬಡಿಸುತ್ತಿದ್ದವಳು ಕೈ ಒರೆಸಿಕೊಂಡು ನೋಡಿದರೆ ಅದೇ ಸಾಲು: ನಾಳೆ ಗಾಡಿಯ ಕಂತು, 2,860 ರೂಪಾಯಿ, ಖಾತೆಯಲ್ಲಿ ಹಣ ಇಡಿ. ಪಕ್ಕದಲ್ಲಿ ಕೆಂಪು ಬಣ್ಣದ ಒಂದು ಗಂಟೆಯ ಚಿತ್ರ. ನನ್ನ ಖಾತೆಯಲ್ಲಿ ಆ ಹೊತ್ತಿಗೆ ಸಾಮಾನ್ಯವಾಗಿ ಆರುನೂರೋ ಏಳುನೂರೋ ಇರುತ್ತಿತ್ತು. ನಾನು ಕೆಲಸ ಮಾಡುವ ಖಾಸಗಿ ಶಾಲೆಯ ಕಚೇರಿಯಲ್ಲಿ ಸಂಬಳ ಆಗುವುದು ಏಳನೇ ತಾರೀಖು. ಇದು ಆ ಗಂಟೆಗೆ ಗೊತ್ತಿರಲಿಲ್ಲ. ನನಗೆ ಚೆನ್ನಾಗಿ ಗೊತ್ತಿತ್ತು.

ಬಿಲ್ಲುಗಳನ್ನೂ ಚಂದಾಗಳನ್ನೂ ನೆನಪಿಸುವ ಆ್ಯಪ್‌ಗಳ ಬಗ್ಗೆ ಈಗ ಎಲ್ಲರೂ ಒಳ್ಳೆಯ ಮಾತೇ ಆಡುತ್ತಾರೆ. ಮರೆತುಹೋದ ನವೀಕರಣಗಳನ್ನು ಹಿಡಿಯುತ್ತದೆ, ದಂಡ ತಪ್ಪಿಸುತ್ತದೆ, ಕಡಿಮೆ ಸಂಬಳದವರಿಗೆ ವರದಾನ ಎನ್ನುತ್ತಾರೆ. ನಾನು ಹದಿನಾಲ್ಕು ತಿಂಗಳು ಅಂಥದೊಂದನ್ನು ನಂಬಿಕೊಂಡಿದ್ದೆ. ಈಗ ಅದನ್ನು ತೆಗೆದುಹಾಕಿದ್ದೇನೆ. ಆ ಆ್ಯಪ್ ಕೆಟ್ಟದ್ದು ಎಂದಲ್ಲ, ಹೇಳಿದ ಕೆಲಸವನ್ನು ತಪ್ಪದೆ ಮಾಡುತ್ತಿತ್ತು. ನನ್ನ ತಕರಾರು ಬೇರೆ. ನಮ್ಮಂಥವರ ಕಷ್ಟಕ್ಕೆ ಅದು ಇಟ್ಟ ಹೆಸರೇ ತಪ್ಪು. ನಾವು ಮರೆಯುತ್ತೇವೆ ಎಂದು ಅದು ನಂಬಿದೆ. ಇಪ್ಪತ್ತಮೂರೂವರೆ ಸಾವಿರದಲ್ಲಿ ಮನೆ ನಡೆಸುವವರು ಯಾವ ಬಿಲ್ಲನ್ನು ಮರೆಯುತ್ತಾರೆ, ಹೇಳಿ? ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಯಾವ ತಾರೀಖು ಎಷ್ಟು ಹೋಗಬೇಕು ಎಂದು ಒಪ್ಪಿಸುತ್ತೇವೆ. ನಮ್ಮನ್ನು ಕಾಡುವುದು ತಾರೀಖುಗಳು. ಆ ತಾರೀಖುಗಳನ್ನು ಇಟ್ಟವರು ನಾವಲ್ಲ.

ಮೊದಲು ಆ ಕಂತಿನ ಲೆಕ್ಕ ಹೇಳುತ್ತೇನೆ. ಸ್ಕೂಟರ್ ಸಾಲ ಕೊಟ್ಟ ಕಂಪನಿ ಐದನೇ ತಾರೀಖನ್ನು ಗೊತ್ತುಮಾಡಿತ್ತು. ಅವತ್ತು ಬೆಳಿಗ್ಗೆ ಅವರ ಕೋರಿಕೆ ನನ್ನ ಬ್ಯಾಂಕಿಗೆ ಹೋಗುತ್ತದೆ, ಹಣ ಇದ್ದರೆ ಕಡಿತವಾಗುತ್ತದೆ, ಇಲ್ಲದಿದ್ದರೆ ವಾಪಸ್. ವಾಪಸಾದರೆ ಚೆಕ್ ಬೌನ್ಸ್ ಆದ ಹಾಗೇ ಲೆಕ್ಕ. ನನ್ನ ಬ್ಯಾಂಕು ಅದಕ್ಕೆ 250 ರೂಪಾಯಿ ಹಿಡಿಯುತ್ತದೆ, ಅದರ ಮೇಲೆ ಜಿಎಸ್‌ಟಿ 45, ಒಟ್ಟು 295. ಸಾಲ ಕೊಟ್ಟವರದು ಬೇರೆ 500. ಎರಡು ದಿನದ ತಡಕ್ಕೆ 795 ರೂಪಾಯಿ. ಕಂತಿನ ಕಾಲು ಭಾಗಕ್ಕಿಂತ ಹೆಚ್ಚು. ಹದಿನಾಲ್ಕು ತಿಂಗಳಲ್ಲಿ ಮೂರು ಸಲ ಹೀಗಾಗಿ 2,385 ರೂಪಾಯಿ ಹೋಯಿತು. ಉಳಿದ ಹನ್ನೊಂದು ತಿಂಗಳು ತಪ್ಪಿದ್ದು ಆ್ಯಪ್‌ನಿಂದಲ್ಲ. ನಮ್ಮ ಕಚೇರಿಯ ಜಯಕ್ಕ ನಾಲ್ಕನೇ ತಾರೀಖು ಮೂರು ಸಾವಿರ ಕೊಟ್ಟು ಏಳಕ್ಕೆ ವಾಪಸ್ ತೆಗೆದುಕೊಳ್ಳುತ್ತಿದ್ದರು. ಆ ಮೂರು ತಿಂಗಳು ಅವರ ಕೈಯಲ್ಲೂ ಇರಲಿಲ್ಲ, ಅಷ್ಟೇ.

ಮೂರೂ ಸಲ ಆ್ಯಪ್ ಗಂಟೆ ಬಾರಿಸಿತ್ತು ಎಂಬುದನ್ನು ಗಮನಿಸಿ. ಅದರ ಪ್ರಕಾರ ಅದು ಗೆದ್ದಿದೆ, ಸೋತಿದ್ದು ನಾನು. ಮೂರನೇ ಸಲ ದಂಡ ಕಟ್ಟಿದ ಮೇಲೆ ಆ್ಯಪ್‌ನಲ್ಲಿ ಒಂದು ಹೊಸ ಪಟ್ಟಿ ಕಾಣಿಸಿತು: ಈ ವರ್ಷ ನೀವು ತಡಮಾಡಿದ ಪಾವತಿಗಳು 3. ಶಾಲೆಯಲ್ಲಿ ಮಕ್ಕಳ ಹಾಜರಿ ಪುಸ್ತಕ ಬರೆಯುವವಳು ನಾನು. ಬಸ್ಸು ಬರದೆ ತಡವಾದ ಮಗುವನ್ನೂ ಬೇಕೆಂದೇ ತಡವಾಗಿ ಬಂದ ಮಗುವನ್ನೂ ಒಂದೇ ಕೆಂಪು ಶಾಯಿಯಲ್ಲಿ ಬರೆದರೆ ಹೇಗಿರುತ್ತದೋ ಹಾಗಿತ್ತು ಅದು. ಮತ್ತೆ ಅದರ ಕೆಳಗೇ ಒಂದು ಹಸಿರು ಗುಂಡಿ: ಹಣ ಸಾಲುತ್ತಿಲ್ಲವೇ? ಹತ್ತು ನಿಮಿಷದಲ್ಲಿ ಸಾಲ ಪಡೆಯಿರಿ.

ಅಲ್ಲಿಗೆ ನನಗೆ ವ್ಯವಹಾರ ಅರ್ಥವಾಯಿತು. ಇಂಥ ಆ್ಯಪ್‌ಗಳಲ್ಲಿ ಹಲವು, ನಮ್ಮ ಬಿಲ್ಲುಗಳನ್ನು ಕಂಡುಹಿಡಿಯುವುದು ನಮ್ಮ ಎಸ್ಸೆಮ್ಮೆಸ್ ಓದಿ. ಸೇರಿಸಿಕೊಳ್ಳುವಾಗಲೇ ಸಂದೇಶಗಳನ್ನು ಓದಲು ಅನುಮತಿ ಕೇಳುತ್ತವೆ, ನಾವು ಒತ್ತಿಬಿಡುತ್ತೇವೆ. ಬ್ಯಾಂಕು ಕಳಿಸುವ ಸಂದೇಶದಲ್ಲಿ ಏನೇನಿರುತ್ತದೆ ನೋಡಿ: ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು. ನಾಲ್ಕನೇ ತಾರೀಖು ನನ್ನ ಖಾತೆಯಲ್ಲಿ ಆರುನೂರು ಇದೆ, ಐದಕ್ಕೆ 2,860 ಬೇಕು ಎಂಬುದು ನನ್ನ ಗಂಡನಿಗಿಂತ ಮೊದಲು ಅದಕ್ಕೆ ಗೊತ್ತು. ಅಷ್ಟು ಗೊತ್ತಿದ್ದೂ ಅದು ನನಗೆ ಹೇಳಬಹುದಾಗಿದ್ದ ಒಂದು ಉಪಯೋಗದ ಮಾತನ್ನು ಹೇಳಲಿಲ್ಲ. ನಿಮ್ಮ ಸಂಬಳ ಬರುವುದು ಏಳಕ್ಕೆ, ಕಂತು ಇರುವುದು ಐದಕ್ಕೆ, ಕಂತಿನ ತಾರೀಖು ಬದಲಿಸಿಕೊಳ್ಳಿ. ಈ ಒಂದು ವಾಕ್ಯ ಸಾಕಿತ್ತು. ಆದರೆ ಆ ವಾಕ್ಯ ಹೇಳಿದರೆ ಹಸಿರು ಗುಂಡಿಯನ್ನು ಯಾರು ಒತ್ತುತ್ತಾರೆ?

ಇಷ್ಟೆಲ್ಲ ಕಾವಲು ಕಾಯುತ್ತಿದ್ದ ಅದರ ಕಣ್ಣಿಗೆ ಬೀಳದೆ ಹೋದದ್ದು ಎರಡಿವೆ. ಎರಡೂ ಕಂತಿಗಿಂತ ದೊಡ್ಡವು.

ಒಂದು, ನಮ್ಮ ಮನೆಯವರ ಹಳೆಯ ಬೈಕಿನ ವಿಮೆ. ಅದನ್ನು ಪ್ರತಿ ವರ್ಷ ಮಾಡಿಸಿಕೊಡುತ್ತಿದ್ದ ಏಜೆಂಟರು ಪಾಲಿಸಿಯಲ್ಲಿ ತಮ್ಮದೇ ಫೋನ್ ನಂಬರು ಕೊಟ್ಟಿದ್ದರು. ನೆನಪಿನ ಸಂದೇಶಗಳೆಲ್ಲ ಅವರಿಗೇ ಹೋಗುತ್ತಿದ್ದವು. ಅವರು ಆ ಕೆಲಸ ಬಿಟ್ಟು ಮಗಳ ಊರಿಗೆ ಹೋದರು. ನನ್ನ ಫೋನಿಗೆ ಸಂದೇಶವೇ ಬರದ ಮೇಲೆ ಸಂದೇಶ ಓದುವ ಆ್ಯಪ್‌ಗೆ ಹೇಗೆ ಗೊತ್ತಾಗಬೇಕು? ಅವಧಿ ಮುಗಿದ ಹನ್ನೊಂದನೇ ದಿನ, ಆರ್‌ಸಿ ಹುಡುಕುತ್ತಿದ್ದಾಗ ಪಾಲಿಸಿಯ ಕಾಗದ ಕೈಗೆ ಸಿಕ್ಕಿ ಎದೆ ಧಸಕ್ಕೆಂದಿತು. ಎಲ್‌ಐಸಿಯ ತ್ರೈಮಾಸಿಕ ಕಂತಿಗೆ 30 ದಿನದ ವಿನಾಯಿತಿ ಇದೆ, ತಿಂಗಳ ಕಂತಾದರೆ 15 ದಿನ. ವಾಹನ ವಿಮೆಗೆ ಅಂಥ ವಿನಾಯಿತಿ ಇಲ್ಲ. ಮುಗಿದ ರಾತ್ರಿಯ ಮಾರನೇ ಬೆಳಿಗ್ಗೆ ನೀವು ವಿಮೆಯಿಲ್ಲದೆ ರಸ್ತೆಯಲ್ಲಿದ್ದೀರಿ. ಆ ಹನ್ನೊಂದು ದಿನಗಳಲ್ಲಿ ಇವರ ಬೈಕು ಯಾರಿಗಾದರೂ ಬಡಿದು ಅವರ ಕಾಲು ಮುರಿದಿದ್ದರೆ ಪರಿಹಾರ ನಮ್ಮ ತಲೆಯ ಮೇಲೇ ಬರುತ್ತಿತ್ತು. ಪೊಲೀಸರ ದಂಡ ಅದರ ಮುಂದೆ ಚಿಲ್ಲರೆ.

ಆ ಹನ್ನೊಂದು ದಿನವೂ ನನ್ನ ಆ್ಯಪ್ ನಿಶ್ಶಬ್ದವಾಗಿಯೇನೂ ಇರಲಿಲ್ಲ. ಹಾಡಿನ ಚಂದಾ ಮುಗಿಯುತ್ತದೆ ಎಂದು ಎರಡು ಸಲ ಗಂಟೆ ಬಾರಿಸಿತ್ತು. ಹಾಡು ನಿಂತರೆ ಏನೂ ಆಗುವುದಿಲ್ಲ, ರೇಡಿಯೋ ಹಾಕಿಕೊಳ್ಳಬಹುದು. ಯಾವುದನ್ನು ಮರೆತರೆ ಏನಾಗುತ್ತದೆ ಎಂಬ ವಿವೇಕ ಗಂಟೆಗೆ ಇಲ್ಲ. ಅದಕ್ಕೆ ಎಲ್ಲ ತಾರೀಖೂ ಒಂದೇ ಕೆಂಪು.

ಎರಡನೆಯದು ಅಪ್ಪನ ಫೋನು. ಅಪ್ಪ ತಿಪಟೂರಿನ ಹತ್ತಿರ ಹಳ್ಳಿಯಲ್ಲಿದ್ದಾರೆ. ತೆಂಗಿನಕಾಯಿ ಮಾರಿದ ಹಣ ಖಾತೆಗೇ ಬರಲಿ ಎಂದು ನಾನೇ ಯುಪಿಐ ಮಾಡಿಕೊಟ್ಟಿದ್ದೆ. ಪಿನ್ ಹಾಕುವುದನ್ನೂ ಕಲಿಸಿದ್ದೆ. ಒಂದು ಭಾನುವಾರ ಹೋದಾಗ ಪಾಸ್‌ಬುಕ್ ಎಂಟ್ರಿ ಮಾಡಿಸಿ ತಂದಿದ್ದರು. ಅದರಲ್ಲಿ ಪ್ರತಿ ತಿಂಗಳು 299 ರೂಪಾಯಿ, ಐದು ಸಲ, ಒಟ್ಟು 1,495. ಯಾರಿಗೆ ಹೋಗಿದೆ ಎಂದು ನೋಡಿದರೆ ಕೇಳರಿಯದ ಒಂದು ಹೆಸರು. ಕೊನೆಗೆ ಗೊತ್ತಾಯಿತು, ಪುರಾಣದ ಕಥೆ ಕೇಳಿಸುವ ಒಂದು ಆ್ಯಪ್. ಕಥೆ ಕೇಳಲು ಒಂದು ರೂಪಾಯಿ ಎಂದು ತೋರಿಸಿತ್ತಂತೆ.

"ಒಂದ್ರೂಪಾಯಿ ತಾನೇ ಅಂತ ಒತ್ದೆ ಕಣವ್ವ. ಆಮೇಲೆ ಅದ್ರಲ್ಲಿ ಇಂಗ್ಲಿಷು ಜಾಸ್ತಿ ಬಂತು, ತೆಗೆದು ಹಾಕ್ಬಿಟ್ಟೆ" ಎಂದರು ಅಪ್ಪ.

ತೆಗೆದುಹಾಕಿದ್ದು ನಿಜ. ಆ್ಯಪ್ ಫೋನಿನಲ್ಲಿ ಇರಲೇ ಇಲ್ಲ. ಆದರೆ ಆ್ಯಪ್ ತೆಗೆದರೆ ಚಂದಾ ನಿಲ್ಲುವುದಿಲ್ಲ. ಇದು ಅಪ್ಪನಿಗಿರಲಿ, ನಮ್ಮ ಶಾಲೆಯ ಎಷ್ಟೋ ಮೇಷ್ಟ್ರುಗಳಿಗೂ ಗೊತ್ತಿಲ್ಲ. ಒಂದು ರೂಪಾಯಿಗೆ ಅಪ್ಪ ಹಾಕಿದ ಪಿನ್ ಬರೀ ಒಂದು ರೂಪಾಯಿಗೆ ಆಗಿರಲಿಲ್ಲ. ಅದೇ ಪರದೆಯ ಕೆಳಗೆ, ಸಣ್ಣಕ್ಷರದಲ್ಲಿ, ಪ್ರತಿ ತಿಂಗಳು 299ರವರೆಗೆ ಎಳೆದುಕೊಳ್ಳಲು ಒಪ್ಪಿಗೆ ಎಂದಿತ್ತು. ಇದನ್ನು ಮ್ಯಾಂಡೇಟು ಎನ್ನುತ್ತಾರೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಒಪ್ಪಿಗೆಗೆ ಮೊದಲ ಸಲ ಪಿನ್ ಬೇಕು. ಆಮೇಲೆ 15,000 ರೂಪಾಯಿಯವರೆಗಿನ ಕಡಿತಗಳಿಗೆ ಮತ್ತೆ ಪಿನ್ ಕೇಳಬೇಕಾಗಿಲ್ಲ. ಮೊದಲು 2,000 ಇದ್ದ ಮಿತಿ 5,000ಕ್ಕೆ ಏರಿ, 2022ರ ಜೂನ್‌ನಲ್ಲಿ 15,000 ಆಯಿತು. ಹದಿನೈದು ಸಾವಿರ ಎಂದರೆ ನನ್ನ ಸಂಬಳದ ಅರ್ಧಕ್ಕಿಂತ ಹೆಚ್ಚು.

ಹಾಗಾದರೆ ನೆನಪಿಸುವವರು ಯಾರೂ ಇರಲಿಲ್ಲವೇ? ಇದ್ದರು. ಅದೇ ನಿಯಮದಲ್ಲಿ, ಹಣ ಎಳೆಯುವ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ತಿಳಿಸಬೇಕು ಎಂದೂ ಇದೆ. ಯಾರು, ಎಷ್ಟು, ಯಾವತ್ತು, ಏಕೆ ಎಂದು ಹೇಳಬೇಕು, ಬೇಡ ಎನ್ನಲು ದಾರಿಯನ್ನೂ ಕೊಡಬೇಕು. ಅಪ್ಪನ ಫೋನಿನಲ್ಲಿ ಹುಡುಕಿದೆ. ಐದು ಕಡಿತಕ್ಕೆ ಐದು ಸಂದೇಶ, ಒಂದೂ ತಪ್ಪಿರಲಿಲ್ಲ. ಎಲ್ಲ ಇಂಗ್ಲಿಷಿನಲ್ಲಿ. ಸಾಲ ಬೇಕಾ, ಲಾಟರಿ ಬಂದಿದೆ, ಡೇಟಾ ಮುಗಿಯಿತು ಎಂಬ ನೂರಾರು ಸಂದೇಶಗಳ ನಡುವೆ ಹುದುಗಿ ಕೂತಿದ್ದವು. ಅಂದರೆ ಕಾಗದದ ಮೇಲೆ ಎಲ್ಲರೂ ತಮ್ಮ ಕರ್ತವ್ಯ ಮಾಡಿದ್ದಾರೆ. ಅಪ್ಪನಿಗೆ ಐದು ಸಲ ನೆನಪಿಸಲಾಗಿದೆ. ಆದರೂ ದುಡ್ಡು ಹೋಗಿದೆ. ನೆನಪಿಸುವುದೇ ಪರಿಹಾರ ಎನ್ನುವವರಿಗೆ ನಾನು ಈ ಐದು ಸಂದೇಶ ತೋರಿಸುತ್ತೇನೆ.

ನಿಲ್ಲಿಸುವ ದಾರಿ ಮಾತ್ರ ಕಷ್ಟದ್ದಲ್ಲ, ಎಲ್ಲಿದೆ ಎಂದು ಗೊತ್ತಿದ್ದರೆ. ಯುಪಿಐ ಆ್ಯಪ್‌ನಲ್ಲಿ ನಮ್ಮ ಹೆಸರಿನ ಚಿತ್ರ ಒತ್ತಿದರೆ ಒಳಗೆ "Autopay" ಅಥವಾ "Mandates" ಎಂಬ ಜಾಗ ಇರುತ್ತದೆ. ಅದರಲ್ಲಿ ನಾವು ಯಾರ್ಯಾರಿಗೆ ಎಳೆದುಕೊಳ್ಳಲು ಬಿಟ್ಟಿದ್ದೇವೆ ಎಂಬ ಪಟ್ಟಿ ಸಿಗುತ್ತದೆ. ಬೇಡದ್ದನ್ನು ತೆರೆದು ರದ್ದು ಮಾಡಿ ಪಿನ್ ಹಾಕಿದರೆ ಮುಗಿಯಿತು. ಅಪ್ಪನದು ಎರಡು ನಿಮಿಷದ ಕೆಲಸವಾಯಿತು. ಗೂಗಲ್ ಪ್ಲೇ ಮೂಲಕ ಹಾಕಿಸಿಕೊಂಡ ಚಂದಾಗಳಿಗೆ ಬೇರೆ ಪಟ್ಟಿ, ಪ್ಲೇ ಸ್ಟೋರಿನಲ್ಲಿ "Payments & subscriptions" ಎಂಬಲ್ಲಿ. ಸಾಲದ ಕಂತು, ವಿಮೆ, ಮತ್ತು ಕಾರ್ಡಿಗೆ ಅಂಟಿಸಿದ ಚಂದಾಗಳನ್ನು ಬ್ಯಾಂಕಿನಲ್ಲೇ ನೋಡಬೇಕು. ಈ ಮೂರು ಜಾಗಗಳನ್ನು ಮೂರು ತಿಂಗಳಿಗೊಮ್ಮೆ ನೋಡಿದರೆ ಮರೆತ ಚಂದಾ ಎಂಬುದು ಹೆಚ್ಚೆಂದರೆ ಮೂರು ತಿಂಗಳ ನಷ್ಟ. ಇದಕ್ಕೆ ನನ್ನ ಸಂದೇಶಗಳನ್ನೆಲ್ಲ ಓದುವ ಇನ್ನೊಬ್ಬರು ಬೇಕಾಗಿಲ್ಲ. ಸಂದೇಶ ಓದುವ ಆ್ಯಪ್ ಊಹೆ ಮಾಡುತ್ತದೆ. ಈ ಪಟ್ಟಿಗಳು ಊಹೆಯಲ್ಲ, ಹಣ ಹೋಗುವ ಬಾಗಿಲೇ ಅವು.

ಒಂದು ರೂಪಾಯಿಯ ಬಲೆಗೆ ಸರ್ಕಾರವೇ ಹೆಸರಿಟ್ಟಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಹದಿಮೂರು ಬಗೆಯ ಮೋಸದ ವಿನ್ಯಾಸಗಳ ಪಟ್ಟಿ ಇದೆ. ಚಂದಾದ ಬಲೆ ಅದರಲ್ಲಿ ಒಂದು. ರದ್ದು ಮಾಡುವ ದಾರಿಯನ್ನು ಮುಚ್ಚಿಡುವುದು, ಸುತ್ತುಬಳಸು ಮಾಡುವುದು, ಉಚಿತ ಎಂದು ಕರೆದು ಹಣ ಎಳೆಯುವ ಒಪ್ಪಿಗೆಯನ್ನು ಬಲವಂತವಾಗಿ ಪಡೆಯುವುದು, ಇವೆಲ್ಲ ಅದರೊಳಗೆ ಬರುತ್ತವೆ. ಉಚಿತ ಎಂದರೆ ನಿಯಮಕ್ಕೆ ಸಿಕ್ಕಿಬೀಳಬಹುದು, ಒಂದು ರೂಪಾಯಿ ಎಂದರೆ ಉಚಿತವಲ್ಲವಲ್ಲ! ಆ ಒಂದು ರೂಪಾಯಿಯ ಜಾಣತನ ಅದಕ್ಕೇ ಇದ್ದೀತು ಎಂದು ನನ್ನ ಅನುಮಾನ. ಆದರೂ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟೆ. ಐದರಲ್ಲಿ ಕೊನೆಯ ಒಂದು ತಿಂಗಳ ಹಣ ವಾಪಸ್ ಬಂತು. ಉಳಿದ ನಾಲ್ಕಕ್ಕೆ, ಮುಂಚಿತವಾಗಿ ತಿಳಿಸಿದ್ದೇವೆ ಎಂಬ ಉತ್ತರ ಬಂತು.

ಇನ್ನು ತಾರೀಖಿನ ಮಾತು. ತಾರೀಖು ಎಂಬುದು ಮಳೆ ಬಿಸಿಲಿನಂತೆ ತಾನೇ ಬರುವುದಲ್ಲ, ಯಾರೋ ಕೂತು ಆರಿಸಿದ್ದು. ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಫೋನಿನ 28 ದಿನದ ರೀಚಾರ್ಜು. ಜನವರಿ 7ಕ್ಕೆ, ಸಂಬಳದ ದಿನವೇ, ಹಾಕಿಸಿದಿರಿ ಎನ್ನಿ. ಮುಂದಿನದು ಫೆಬ್ರವರಿ 4, ಆಮೇಲೆ ಮಾರ್ಚ್ 4, ಆಮೇಲೆ ಏಪ್ರಿಲ್ 1, ಆಮೇಲೆ ಏಪ್ರಿಲ್ 29. ಒಂದೇ ತಿಂಗಳಲ್ಲಿ ಎರಡು ಸಲ. ಸಂಬಳದ ದಿನ ಶುರುವಾದದ್ದು ಮೆಲ್ಲಮೆಲ್ಲಗೆ ಹಿಂದೆ ಸರಿದು ಜೇಬು ಬರಿದಾಗಿರುವ ದಿನಗಳಿಗೆ ಬಂದು ಕೂರುತ್ತದೆ. ವರ್ಷಕ್ಕೆ ಹನ್ನೆರಡು ತಿಂಗಳು, ರೀಚಾರ್ಜು ಮಾತ್ರ ಹದಿಮೂರು. ಹೀಗೆ ಓಡಾಡುವ ತಾರೀಖನ್ನು ಯಾರು ತಾನೇ ನೆನಪಿಟ್ಟುಕೊಳ್ಳುತ್ತಾರೆ? ನೆನಪಿಸುವ ಆ್ಯಪ್ ಈ ಓಡಾಟವನ್ನು ಶ್ರದ್ಧೆಯಿಂದ ಹಿಂಬಾಲಿಸುತ್ತದೆ. ಓಡಾಡುವುದೇ ಬೇಡ ಎಂದು ಹೇಳುವುದಿಲ್ಲ.

ಓಡಾಡುವುದು ಬೇಡ ಎನ್ನಲು ದಾರಿ ಇದೆ. 2022ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಪ್ರತಿ ಕಂಪನಿಯೂ 30 ದಿನದ ಒಂದು ಯೋಜನೆಯನ್ನೂ, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದ ಒಂದು ಯೋಜನೆಯನ್ನೂ ಇಟ್ಟಿರಲೇಬೇಕು ಎಂದು ಆದೇಶಿಸಿತು. ರೀಚಾರ್ಜು ಪಟ್ಟಿಯಲ್ಲಿ ಅದು ಕೆಳಗೆಲ್ಲೋ ಇರುತ್ತದೆ, ಹುಡುಕಬೇಕು. ದರ ನೋಡಿ ಹೆದರಬಾರದು. 28 ದಿನದ್ದರ ದರವನ್ನು 13ರಿಂದ, ತಿಂಗಳಿನದ್ದನ್ನು 12ರಿಂದ ಗುಣಿಸಿ ಹೋಲಿಸಬೇಕು. ನಾನು ಹಾಗೆ ಮಾಡಿ ನನ್ನದನ್ನು ಎಂಟನೇ ತಾರೀಖಿಗೆ ಕಟ್ಟಿಹಾಕಿದೆ. ಈಗ ನೆನಪಿಡುವುದು ಏನೂ ಇಲ್ಲ. ಸಂಬಳದ ಮಾರನೇ ದಿನ ಫೋನು, ಅಷ್ಟೇ.

ಕಂತಿನ ತಾರೀಖು ಬದಲಿಸುವುದು ಇಷ್ಟು ಸುಲಭವಾಗಲಿಲ್ಲ. ಅದನ್ನೂ ಮುಚ್ಚಿಡದೆ ಹೇಳಬೇಕು. ಸಾಲ ಕೊಟ್ಟವರ ಶಾಖೆಗೆ ಮೂರು ಸಲ ಹೋದೆ. ಮೊದಲ ಸಲ, "ಸಿಸ್ಟಮ್ಮಲ್ಲಿ ಆಗಲ್ಲ ಮೇಡಂ" ಎಂದರು. ಎರಡನೇ ಸಲ ಮ್ಯಾನೇಜರು ರಜೆ. ಮೂರನೇ ಸಲ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಸಂಬಳ ಏಳಕ್ಕೆ ಬರುತ್ತದೆ ಎಂದು ಶಾಲೆಯ ಪತ್ರ, ನನ್ನ ಅರ್ಜಿ, ಮೂರನ್ನೂ ಮುಂದಿಟ್ಟು ಸ್ವೀಕೃತಿಯ ಮೊಹರು ಕೇಳಿದೆ. ಮೊಹರು ಎಂದ ಕೂಡಲೇ ಸಿಸ್ಟಮ್ಮಿನಲ್ಲಿ ದಾರಿ ಕಾಣಿಸಿತು. ಐದರಿಂದ ಹತ್ತಕ್ಕೆ ಸರಿಸಲು ಒಪ್ಪಿದರು. ಐದು ದಿನದ ಹೆಚ್ಚುವರಿ ಬಡ್ಡಿ ಒಂದು ಸಲ ಕಟ್ಟಬೇಕು ಎಂದರು. ಬಾಕಿ 41,000, ಬಡ್ಡಿ ಶೇಕಡ 14, ಐದು ದಿನಕ್ಕೆ 79 ರೂಪಾಯಿ. ಒಂದು ಬೌನ್ಸಿಗೆ 795 ಕಟ್ಟಿದವಳಿಗೆ 79 ಯಾವ ಲೆಕ್ಕ?

ಇಲ್ಲೊಂದು ಎಚ್ಚರಿಕೆ ಬೇಕು. ತಾರೀಖು ಬದಲಾದರೆ ಹಳೆಯ ಮ್ಯಾಂಡೇಟಿನ ಬದಲು ಹೊಸದನ್ನು ಮಾಡಿಸುತ್ತಾರೆ. ಹಳೆಯದು ರದ್ದಾಗದೆ ಉಳಿದರೆ ಐದಕ್ಕೂ ಹತ್ತಕ್ಕೂ ಎರಡು ಸಲ ಕೈ ಚಾಚಬಹುದು. ಹೊಸದು ನೋಂದಣಿಯಾಯಿತು ಎಂಬ ಸಂದೇಶದ ಜೊತೆಗೆ ಹಳೆಯದು ರದ್ದಾಯಿತು ಎಂಬುದನ್ನೂ ಬ್ಯಾಂಕಿನಲ್ಲಿ ಕೇಳಿ ತಿಳಿದುಕೊಳ್ಳಬೇಕು. ಮೊದಲ ತಿಂಗಳ ಐದಕ್ಕೆ ಖಾತೆ ನೋಡಬೇಕು. ಕ್ರೆಡಿಟ್ ಕಾರ್ಡ್ ಇರುವವರಿಗೆ ಇಷ್ಟು ತ್ರಾಸವೂ ಇಲ್ಲ. ಬಿಲ್ಲಿನ ತಿಂಗಳು ಯಾವತ್ತು ಶುರುವಾಗಬೇಕು ಎಂಬುದನ್ನು ಕನಿಷ್ಠ ಒಂದು ಸಲ ಬದಲಿಸಿಕೊಳ್ಳುವ ಅವಕಾಶವನ್ನು ಕೊಡಲೇಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಕೇಳಿದವರಿಗೆ ಸಿಗುತ್ತದೆ. ಕೇಳಬಹುದು ಎಂದು ಹೇಳುವವರು ಕಡಿಮೆ.

ಈಗ ನಮ್ಮ ಬೀರುವಿನ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದ್ದೇನೆ. ಅದರಲ್ಲಿ ಮೂರು ಸಾಲು: ಏನು, ಯಾವತ್ತು, ಮರೆತರೆ ಏನಾಗುತ್ತದೆ. ಮೂರನೆಯ ಸಾಲೇ ಮುಖ್ಯ. ಹಾಡಿನ ಚಂದಾ ಮುಂದೆ "ಏನೂ ಆಗಲ್ಲ" ಎಂದು ಬರೆದೆ. ಬರೆದ ಮೇಲೆ ಅದನ್ನು ಇಟ್ಟುಕೊಳ್ಳುವುದೇಕೆ ಎನಿಸಿ ರದ್ದು ಮಾಡಿದೆ. ಎಲ್‌ಐಸಿ ಮುಂದೆ "30 ದಿನ ಟೈಮಿದೆ". ಬೈಕ್ ವಿಮೆಯ ಮುಂದೆ "ಒಂದು ದಿನವೂ ಇಲ್ಲ" ಎಂದು ಬರೆದು ಎರಡು ಗೆರೆ ಎಳೆದಿದ್ದೇನೆ. ಪಾಲಿಸಿಯಲ್ಲಿ ನಮ್ಮದೇ ನಂಬರು ಹಾಕಿಸಿದ್ದೂ ಆಯಿತು. ವರ್ಷಕ್ಕೊಮ್ಮೆ ಬರುವ ವಿಮೆ, ಕಂದಾಯ, ಇಂಥವನ್ನು ಮಾತ್ರ ಫೋನಿನಲ್ಲೇ ಇರುವ ಕ್ಯಾಲೆಂಡರಿಗೆ ಹಾಕಿ, ಪ್ರತಿ ವರ್ಷ ಮರುಕಳಿಸುವಂತೆ ಮಾಡಿದ್ದೇನೆ. ನೆನಪಿನ ದಿನ ಕೊನೆಯ ತಾರೀಖಲ್ಲ, ಅದಕ್ಕೆ ಮುಂಚಿನ ಸಂಬಳದ ದಿನ. ದುಡ್ಡು ಇರುವ ದಿನ ನೆನಪಿಸಿದರೆ ಮಾತ್ರ ಅದು ನೆನಪು. ಇಲ್ಲದ ದಿನ ನೆನಪಿಸಿದರೆ ಅದು ಹಂಗಿಸಿದಂತೆ.

ಇದನ್ನೆಲ್ಲ ಹೇಳಿದಾಗ ಬೆಂಗಳೂರಿನಲ್ಲಿರುವ ನಮ್ಮ ಭಾವ ನಕ್ಕರು. ಅವರ ಆ್ಯಪ್ ಅವರಿಗೆ ಮೂರು ಬೇಡದ ಚಂದಾ ಹಿಡಿದುಕೊಟ್ಟಿದೆಯಂತೆ, ವರ್ಷಕ್ಕೆ ಐದಾರು ಸಾವಿರ ಉಳಿದಿದೆಯಂತೆ. "ನೀನು ಹಳೇ ಕಾಲದವಳ ಥರ ಹಾಳೆ ಅಂಟಿಸ್ಕೊಂಡಿದೀಯ" ಎಂದರು. ಅವರ ಮಾತು ಅವರ ಮಟ್ಟಿಗೆ ನಿಜ. ಅವರಿಗೆ ಸಂಬಳ ತಿಂಗಳ ಕೊನೆಯ ದಿನವೇ ಬರುತ್ತದೆ, ಮುಂದಿನದು ಬರುವ ಹೊತ್ತಿಗೂ ಹಿಂದಿನದರಲ್ಲಿ ಉಳಿದಿರುತ್ತದೆ. ಐನೂರು ರೂಪಾಯಿ ಹೋದರೆ ಅವರಿಗೆ ಗೊತ್ತಾಗುವುದಿಲ್ಲ. ಅಂಥವರು ನಿಜವಾಗಿಯೂ ಮರೆಯುತ್ತಾರೆ, ಅವರಿಗೆ ನೆನಪಿಸುವವರು ಬೇಕು. ಕಷ್ಟ ಏನೆಂದರೆ, ಉಳಿತಾಯ ಇರುವವರ ಕಾಯಿಲೆಗೆ ಮಾಡಿದ ಔಷಧಿಯನ್ನು ಉಳಿತಾಯ ಇಲ್ಲದವರಿಗೆ ಮಾರುತ್ತಿದ್ದಾರೆ. ಜೊತೆಗೆ, ವಾಸಿಯಾಗದಿದ್ದರೆ ತಪ್ಪು ರೋಗಿಯದು ಎನ್ನುತ್ತಿದ್ದಾರೆ.

ಹಾಳೆ ಅಂಟಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನೂ ಹೇಳುವುದಿಲ್ಲ. ಸಂಬಳವೇ ಹತ್ತೊಂಬತ್ತಕ್ಕೋ ಇಪ್ಪತ್ತಕ್ಕೋ ಬರುವ, ಒಮ್ಮೊಮ್ಮೆ ಎರಡು ತಿಂಗಳಿಗೊಮ್ಮೆ ಬರುವ ಅತಿಥಿ ಉಪನ್ಯಾಸಕರು ಯಾವ ತಾರೀಖಿಗೆ ಕಂತು ಸರಿಸಬೇಕು? ಅವರಿಗೆ ನನ್ನಲ್ಲಿ ಉತ್ತರವಿಲ್ಲ, ಯಾವ ಗಂಟೆಯಲ್ಲೂ ಇಲ್ಲ. ಅಪ್ಪನಿಗೆ ಬೇಕಾಗಿರುವುದು ಆರನೆಯ ನೆನಪಿನ ಸಂದೇಶವಲ್ಲ. ಮೊದಲ ಸಂದೇಶವೇ ಕನ್ನಡದಲ್ಲಿ ಬರಬೇಕು, "ಬೇಡ ಎಂದರೆ ಇದನ್ನು ಒತ್ತಿ" ಎಂದು ಅದರಲ್ಲೇ ಇರಬೇಕು. ಆ ಒಂದು ರೂಪಾಯಿಯ ಪರದೆಯಲ್ಲಿ 299 ದಪ್ಪಕ್ಷರದಲ್ಲಿ, ಒಂದು ಸಣ್ಣಕ್ಷರದಲ್ಲಿ ಇರಬೇಕು. ಇವು ಫೋನಿಗೆ ಆ್ಯಪ್ ಹಾಕಿಕೊಂಡು ಸರಿಮಾಡುವ ಸಂಗತಿಗಳಲ್ಲ.

ಕಡೆಯದಾಗಿ ಒಂದು ಮಾತು. ಆ್ಯಪ್ ತೆಗೆದುಹಾಕಿದ ದಿನ ಸ್ಕೂಟರ್ ಸಾಲದ ಹಳೆಯ ಕಡತ ತೆಗೆದು ನೋಡಿದೆ. ಸಾಲ ಕೊಡುವ ಮೊದಲು ಅವರು ನನ್ನಿಂದ ಏನೇನು ತೆಗೆದುಕೊಂಡಿದ್ದರು ಎಂಬ ಪಟ್ಟಿ ಅದರಲ್ಲಿತ್ತು. ಮೂರು ತಿಂಗಳ ಸಂಬಳದ ಚೀಟಿ. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು. ಆ ಸ್ಟೇಟ್‌ಮೆಂಟಿನ ಆರು ಪುಟಗಳಲ್ಲಿ ಆರು ಸಲ, ಏಳನೇ ತಾರೀಖಿನ ಸಾಲಿಗೆ ಯಾರೋ ಪೆನ್ನಿನಿಂದ ಸುತ್ತು ಹಾಕಿದ್ದರು. ಸಂಬಳ ನಿಯತವಾಗಿ ಬರುತ್ತದೆಯೇ ಎಂದು ಪರಿಶೀಲಿಸಿದ ಗುರುತು ಅದು. ಅದೇ ಮೇಜಿನಲ್ಲಿ, ಅದೇ ಪೆನ್ನಿನಿಂದ, ಮುಂದಿನ ಹಾಳೆಯಲ್ಲಿ ಬರೆದಿದ್ದರು: ಕಂತಿನ ದಿನಾಂಕ, ಪ್ರತಿ ತಿಂಗಳ 5.